ಕರಿ ಹೇಂಟೆ ಯಾಕೆ ಕುಕ್ಕಿತು?

ನಮ್ಮ ಹಿತ್ತಲಲ್ಲಿ ಏಳು ಹೇಂಟೆಗಳು ವರ್ಷದಿಂದ ಹೊಂದಿಕೊಂಡು ಇದ್ದವು. ಮಳೆಗಾಲಕ್ಕೆ ಮುಂಚೆ ಅಮ್ಮ ಸಂತೆಯಿಂದ ಒಂದು ಯಾಟೆ ತಂದು ಸಂಜೆ ಅವುಗಳ ನಡುವೆ ಬಿಟ್ಟಳು. ಸ್ವಲ್ಪ ಹೊತ್ತು ಯಾವುದೂ ಅಲುಗಲಿಲ್ಲ. ಆಮೇಲೆ ಕರಿ ಹೇಂಟೆ ಕತ್ತಿನ ಪುಕ್ಕ ಉಬ್ಬಿಸಿಕೊಂಡು ಬಂದು ಯಾಟೆಯ ನೆತ್ತಿಗೇ ಕುಕ್ಕಿತು. ಅದರ ಬೆನ್ನಿಗೆ ಕೆಂದ ಹೇಂಟೆ, ಮತ್ತೆ ಇನ್ನೊಂದು. ಕತ್ತಲಾಗುವ ಹೊತ್ತಿಗೆ ಯಾಟೆ ಒರಳುಕಲ್ಲಿನ ಸಂದಿಯಲ್ಲಿ ತಲೆ ಹುದುಗಿಸಿ ನಿಂತಿತ್ತು, ಜುಟ್ಟಿನಲ್ಲಿ ರಕ್ತ. "ಇವಕ್ಕೆ ಹೊಟ್ಟೆಗೆ ಹಾಕೋದು ಕಮ್ಮಿ ಆಯ್ತಾ?" ಎಂದು ಅಮ್ಮ ಬೈದಳು. ನುಚ್ಚು ಚೆಲ್ಲಿದ ಹಾಗೇ ಬಿದ್ದಿತ್ತು. ಹಸಿವಿಗೂ ಈ ಜಗಳಕ್ಕೂ ಸಂಬಂಧವಿರಲಿಲ್ಲ.

ನಾರ್ವೆಯ ತೋರ್ಲೀಫ್ ಶೆಲ್ಡೆರುಪ್ ಎಬ್ಬೆ ಹುಡುಗನಾಗಿದ್ದಾಗಲೇ ಕೋಳಿಗಳನ್ನು ನೋಡುತ್ತ ಕೂತು, ಯಾವುದು ಯಾವುದನ್ನು ಕುಕ್ಕುತ್ತದೆ ಎಂದು ಬರೆದಿಟ್ಟವರು. 1922ರಲ್ಲಿ ಅದನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ಅವರು ಕಂಡದ್ದು ಇಷ್ಟು: ಯಾವ ಎರಡು ಕೋಳಿಗಳನ್ನು ತೆಗೆದುಕೊಂಡರೂ ಅವುಗಳಲ್ಲಿ ಒಂದು ಕುಕ್ಕುತ್ತದೆ, ಇನ್ನೊಂದು ಜಾಗ ಬಿಡುತ್ತದೆ. ಆ ತೀರ್ಮಾನ ಮೊದಲ ಒಂದೆರಡು ಜಗಳದಲ್ಲೇ ಆಗಿಬಿಡುತ್ತದೆ, ಆಮೇಲೆ ಎರಡೂ ಅದನ್ನು ನೆನಪಿಟ್ಟುಕೊಳ್ಳುತ್ತವೆ. ನಮ್ಮ ಏಳು ಹೇಂಟೆಗಳ ನಡುವೆ ಇಂಥ 21 ಜೋಡಿಗಳು, 21 ತೀರ್ಮಾನಗಳು. ಎಲ್ಲ ಕಡೆ ಅದು ನೇರ ಏಣಿಯೂ ಅಲ್ಲ. ಒಂದನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು ಕುಕ್ಕಿದರೂ ಆ ಮೂರನೆಯದು ತಿರುಗಿ ಒಂದನೆಯದನ್ನೇ ಅಟ್ಟುವುದುಂಟು.

ಕುಕ್ಕಿಸಿಕೊಳ್ಳುವ ಕೋಳಿ ಇದಕ್ಕೆ ಯಾಕೆ ಒಪ್ಪುತ್ತದೆ? ಗೆಲ್ಲಲಾರದ ಜಗಳಕ್ಕೆ ದಿನಾ ನಿಂತರೆ ಮೈಯೂ ಹಾಳು, ಮೇಯುವ ಹೊತ್ತೂ ಹಾಳು. ಎರಡು ಹೆಜ್ಜೆ ಸರಿದು ನಿಂತರೆ ಸ್ವಲ್ಪ ತಡವಾಗಿಯಾದರೂ ಕಾಳು ಸಿಗುತ್ತದೆ. ಮೇಲಿನದಕ್ಕೂ ಬಡಿದಾಡುವ ಶ್ರಮ ಉಳಿಯಿತು. ಹಾಗಾಗಿ ಸರದಿ ಕೂತ ಹಿಂಡಿನಲ್ಲಿ ಕುಕ್ಕಾಟ ಕಮ್ಮಿಯೇ. ದಿಟ್ಟಿಸಿ ನೋಡಿದರೆ ಸಾಕು, ಕೆಳಗಿನದು ತಲೆ ತಗ್ಗಿಸಿ ಪಕ್ಕಕ್ಕೆ ಹೋಗುತ್ತದೆ. ಅಮೆರಿಕದ ಗೂಲ್ ಮತ್ತು ಆಲೀ ಎಂಬ ವಿಜ್ಞಾನಿಗಳು 1944ರಲ್ಲಿ ಇದನ್ನು ಅಳೆದು ತೋರಿಸಿದರು: ಕೋಳಿಗಳನ್ನು ಪದೇ ಪದೇ ಬದಲಿಸುತ್ತಿದ್ದ ಹಿಂಡಿನಲ್ಲಿ ಕುಕ್ಕಾಟ ಹೆಚ್ಚು, ಮೇವು ಕಮ್ಮಿ, ಮೊಟ್ಟೆಯೂ ಕಮ್ಮಿ.

ನಾವು ಮಾಡಿದ ತಪ್ಪು ಇಲ್ಲೇ ಇತ್ತು. ಕೂತಿದ್ದ ಲೆಕ್ಕದೊಳಕ್ಕೆ ಒಂದು ಹೊಸ ಕೋಳಿಯನ್ನು ದಿಢೀರನೆ ಬಿಟ್ಟೆವು. ಏಳಕ್ಕೂ ಅದರ ಜೊತೆ ಹೊಸದಾಗಿ ತೀರ್ಮಾನ ಮಾಡಿಕೊಳ್ಳಬೇಕಾಯಿತು, ಅದಕ್ಕೆ ಮಾತ್ರ ಏಳರ ಏಟೂ ಬಿತ್ತು.

ಕಾಯಿಲೆ ಬಿದ್ದ ಕೋಳಿಗೂ ಹೀಗೇ ಆಗುತ್ತದೆ. ಕೋಳಿಗಳು ಒಂದನ್ನೊಂದು ಗುರುತಿಸುವುದು ಮುಖ್ಯವಾಗಿ ತಲೆ ಮತ್ತು ಜುಟ್ಟಿನಿಂದ. ದೊಡ್ಡ, ಕೆಂಪು ಜುಟ್ಟು ಗಟ್ಟಿ ಮೈಯ ಗುರುತು. ಜುಟ್ಟು ಬಿಳಚಿ ಜೋತುಬಿದ್ದು, ಕೋಳಿ ಮಂಕಾಗಿ ನಿಂತರೆ ಕೆಳಗಿದ್ದವು ಮೇಲೇರಲು ನೋಡುತ್ತವೆ. ಮೇಲಿದ್ದ ಹೇಂಟೆಗೆ ಇದ್ದಕ್ಕಿದ್ದಂತೆ ಏಟು ಬೀಳತೊಡಗಿದರೆ ಮೊದಲು ಅದರ ಆರೋಗ್ಯ ನೋಡಬೇಕು. ಸಾವಿರಾರು ಕೋಳಿಗಳ ಫಾರಂನಲ್ಲಿ ಇಷ್ಟೊಂದು ಮುಖ ನೆನಪಿಡಲು ಆಗುವುದಿಲ್ಲ, ಅಲ್ಲಿ ಎದುರಿಗೆ ಬಂದದ್ದರ ಜುಟ್ಟು, ಗಾತ್ರ ನೋಡಿಯೇ ಅಂದಾಜು.

ಆದರೆ ಎಲ್ಲ ಕುಕ್ಕಾಟವೂ ಸರದಿಯದಲ್ಲ, ಇದನ್ನು ಬೆರೆಸಿಕೊಂಡರೆ ಕೋಳಿ ಸಾಯುತ್ತದೆ. ಸರದಿಯ ಏಟು ತಲೆಗೆ, ಜುಟ್ಟಿಗೆ. ಬಿದ್ದ ಕೂಡಲೇ ಕೋಳಿ ಓಡುತ್ತದೆ, ಅಲ್ಲಿಗೆ ಮುಗಿಯಿತು. ಬೆನ್ನು, ಬಾಲದ ಬುಡದಿಂದ ಪುಕ್ಕ ಕಿತ್ತು ತಿನ್ನುತ್ತಿದ್ದರೆ ಅದು ಬೇರೆ. ಕೆದಕಲು ಮಣ್ಣು, ತರಗು ಇಲ್ಲದ ಇಕ್ಕಟ್ಟಿನಲ್ಲಿ ಕೆದಕಿ ಕುಕ್ಕುವ ಚಪಲ ಪಕ್ಕದ ಕೋಳಿಯ ಮೇಲೆ ತಿರುಗುತ್ತದೆ. ಮೇವಿನಲ್ಲಿ ಉಪ್ಪು, ಪ್ರೊಟೀನು ಸಾಲದಿದ್ದರೂ ಹೀಗಾಗುತ್ತದೆ. ರಕ್ತ ಕಂಡ ಮೇಲಂತೂ ಸರದಿಯ ಮಾತೇ ಇಲ್ಲ, ತೀರ ಕೆಳಗಿನದೂ ಬಂದು ಕುಕ್ಕುತ್ತದೆ. ಗಾಯವಾದದ್ದನ್ನು ಆ ಗಳಿಗೆಯಲ್ಲೇ ಬೇರೆ ಇಡಬೇಕು.

ನಾವೂ ಯಾಟೆಯನ್ನು ಎತ್ತಿ, ಗಾಯ ತೊಳೆದು ಅರಿಸಿನ ಹಚ್ಚಿ, ಮಾಯುವ ತನಕ ಅಡುಗೆಮನೆ ಮೂಲೆಯಲ್ಲಿ ಮಂಕರಿ ಕವುಚಿ ಇಟ್ಟೆವು. ಆಮೇಲೆ ಹಿತ್ತಲಲ್ಲೇ ತಂತಿ ಬಲೆಯ ಆಚೆ ಹತ್ತು ದಿನ. ಒಂಟಿಯಾದರೆ ಏಟೆಲ್ಲ ಒಂದಕ್ಕೇ ಬೀಳುತ್ತದೆಂದು ಅಷ್ಟೇ ವಯಸ್ಸಿನ ಇನ್ನೊಂದು ಯಾಟೆಯನ್ನೂ ಜೊತೆಗೆ ಬಿಟ್ಟೆವು. ಬಲೆಯ ಆಚೀಚೆ ಕಾಳು ತಿನ್ನುತ್ತ ಎರಡೂ ಕಡೆಯವು ಒಂದರ ಮುಖ ಒಂದು ನೋಡಿಕೊಂಡವು. ಹನ್ನೊಂದನೆಯ ರಾತ್ರಿ ಎಲ್ಲ ಗೂಡಿನ ಗಳದ ಮೇಲೆ ಕೂತ ಮೇಲೆ ಎರಡನ್ನೂ ಪಕ್ಕದಲ್ಲಿ ಕೂರಿಸಿದೆವು. ಬೆಳಿಗ್ಗೆ ನುಚ್ಚನ್ನು ಮೂರು ಕಡೆ ದೂರ ದೂರ ಹಾಕಿ, ಅವಿತುಕೊಳ್ಳಲು ಒಂದು ಹಳೆಯ ಹಲಗೆ ಒರಗಿಸಿಟ್ಟೆವು.

ನಾಲ್ಕು ದಿನ ಏಟು ಬಿದ್ದವು, ರಕ್ತ ಬರಲಿಲ್ಲ. ಐದನೆಯ ದಿನ ಕರಿ ಹೇಂಟೆ ನುಚ್ಚಿನ ಹತ್ತಿರ ಬಂದಾಗ ಯಾಟೆ ತಲೆ ತಗ್ಗಿಸಿ ಎರಡು ಹೆಜ್ಜೆ ಸರಿಯಿತು. ಕರಿ ಹೇಂಟೆ ಕುಕ್ಕಲಿಲ್ಲ, ತನ್ನ ಪಾಡಿಗೆ ತಿನ್ನತೊಡಗಿತು.