ಸಾಲು ಅಳಿಸಿದರೆ ಸಾಲದು

ಸೀರೆ ಅಂಗಡಿಯೊಂದರ ಫೇಸ್‌ಬುಕ್ ಪುಟದಲ್ಲಿ ‘ಬೆಲೆ ಎಷ್ಟು?’ ಎಂದು ಕೇಳಿದವರಿಗೆ n8n ತಂತ್ರಾಂಶ ತಾನಾಗಿಯೇ ಉತ್ತರಿಸುತ್ತದೆ, ಆ ಮಾತನ್ನು ಗೂಗಲ್ ಶೀಟ್‌ನಲ್ಲೂ ಬರೆದಿಡುತ್ತದೆ. ಗ್ರಾಹಕಿಯೊಬ್ಬರು ‘ನನ್ನದೆಲ್ಲ ಅಳಿಸಿ’ ಎಂದರೆ ಮೊದಲು ಹುಡುಕಬೇಕಾದದ್ದು ಅವರ ಹೆಸರನ್ನಲ್ಲ, ಆ ಪುಟಕ್ಕೆಂದೇ ಫೇಸ್‌ಬುಕ್ ಅವರಿಗೆ ಕೊಟ್ಟ ಗುರುತು ಸಂಖ್ಯೆಯನ್ನು. ಒಂದೇ ಹೆಸರಿನವರು ಹಲವರಿರುತ್ತಾರೆ. ತಪ್ಪಿದರೆ ಇನ್ಯಾರದೋ ಸಂದೇಶ ಹೋಗುತ್ತದೆ.

ಶೀಟ್‌ನ ಸಾಲು ಅಳಿಸಿದೊಡನೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ಶೀಟ್‌ನ ಆವೃತ್ತಿ ಇತಿಹಾಸ ತೆರೆದರೆ ಆ ಸಾಲು ಅಲ್ಲೇ ಇರುತ್ತದೆ. ಅಳಿಸಿದ ಮೇಲೆ ಶೀಟ್‌ನ ಹೊಸ ಪ್ರತಿ ಮಾಡಿಕೊಂಡು, n8nಗೆ ಅದನ್ನೇ ಜೋಡಿಸಿ, ಹಳೆಯ ಕಡತವನ್ನು ತೆಗೆಯಬೇಕು. ಡ್ರೈವ್‌ನ ಕಸದಬುಟ್ಟಿಯಲ್ಲಿ ಅದು 30 ದಿನ ಉಳಿಯುವುದರಿಂದ ಅಲ್ಲಿಂದಲೂ ಅಳಿಸಬೇಕು.

ಇನ್ನೊಂದು ಪ್ರತಿ n8nನ Executions ಪುಟದಲ್ಲಿರುತ್ತದೆ. ಪ್ರತಿ ಓಟದಲ್ಲೂ ಬಂದ ಸಂದೇಶ ಅಲ್ಲಿ ಪೂರ್ತಿಯಾಗಿ ದಾಖಲಾಗುತ್ತದೆ. ಸ್ವಂತ ಸರ್ವರ್‌ನಲ್ಲಿ ಬೇರೆ ಹೊಂದಿಕೆ ಮಾಡದಿದ್ದರೆ ಅದರ ಆಯಸ್ಸು 336 ಗಂಟೆ, ಅಂದರೆ 14 ದಿನ. ಆ ಗ್ರಾಹಕಿಯ ಓಟಗಳನ್ನು ಆರಿಸಿ ಅಳಿಸಿ. ಕೊನೆಗೆ ಅದೇ ಸಂಖ್ಯೆಯನ್ನೂ, ಸಂದೇಶದೊಳಗೆ ಅವರು ಬರೆದಿದ್ದ ಫೋನ್ ನಂಬರನ್ನೂ ಮತ್ತೆ ಹುಡುಕಿ ನೋಡಿ, ಆಮೇಲೆ ಅವರಿಗೆ ಉತ್ತರ ಕಳಿಸಿ.