ಪೆನ್ನಿನ ಗೆರೆ ದಾಟಿದ ಕೆಂಪು

ಪೀಣ್ಯ ಎರಡನೇ ಹಂತದ ಲೇತ್ ಆಪರೇಟರ್ ಒಬ್ಬರನ್ನು ಊಹಿಸಿಕೊಳ್ಳಿ. ಮಂಗಳವಾರ ಸಂಜೆ ಬಲಗಾಲು ಕೆಂಪೇರಿ ಊದಿಕೊಂಡಿದೆ. ಮುಟ್ಟಿದರೆ ಬಿಸಿ, ಒತ್ತಿದರೆ ನೋವು, ಮೈಯಲ್ಲಿ ನೂರು ಡಿಗ್ರಿ ಜ್ವರ. ದಿನಕ್ಕೆ ಹತ್ತು ಗಂಟೆ ಸೇಫ್ಟಿ ಶೂ ಒಳಗೆ ಬೆವೆತ ಪಾದದ ಬೆರಳುಗಳನ್ನು ಬಿಡಿಸಿದರೆ ಕೊನೆಯ ಸಂದಿಯಲ್ಲಿ ಚರ್ಮ ಬೆಳ್ಳಗೆ ನೆಂದು ಬಿರಿದಿದೆ. ಬ್ಯಾಕ್ಟೀರಿಯಾ ಒಳಗೆ ಬಂದ ಬಾಗಿಲು ಬಹುಶಃ ಅದೇ. ಇದು ಸೆಲ್ಯುಲೈಟಿಸ್, ಅಂದರೆ ಚರ್ಮದ ಒಳಪದರ ಮತ್ತು ಅದರಡಿಯ ಕೊಬ್ಬಿನ ಸೋಂಕು. ಕೀವಿಲ್ಲದಿದ್ದರೆ ಹೆಚ್ಚಾಗಿ ಸ್ಟ್ರೆಪ್ಟೊಕಾಕಸ್ ಕಾರಣ.

ವೈದ್ಯರು ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು, ಆರು ಗಂಟೆಗೊಮ್ಮೆ 500 ಮಿಲಿಗ್ರಾಂ ಸೆಫಲೆಕ್ಸಿನ್ ಬರೆದುಕೊಟ್ಟರು. ಕಾಲನ್ನು ದಿಂಬಿನ ಮೇಲೆ ಎತ್ತಿಡಿ, ಬೆರಳ ಸಂದಿಗೆ ಶಿಲೀಂಧ್ರನಾಶಕ ಮುಲಾಮು ಹಚ್ಚಿ ಎಂದರು.

ಬುಧವಾರ ಸಂಜೆಗೆ ಕೆಂಪು ಗೆರೆಯಿಂದ ಒಂದು ಬೆರಳಗಲ ಆಚೆ ಹೋಗಿತ್ತು. "ಸಾರ್, ಗೆರೆ ದಾಟ್ಬಿಟ್ಟಿದೆ. ಮಾತ್ರೆ ಹಿಡೀಲಿಲ್ಲ, ಡ್ರಿಪ್ ಹಾಕ್ಬಿಡಿ."

ಈ ಗಾಬರಿ ಸಹಜ. ಆದರೆ ಸಾಯುವ ಬ್ಯಾಕ್ಟೀರಿಯಾ ತನ್ನೊಳಗಿನ ವಿಷವಸ್ತುಗಳನ್ನು ಹೊರಚೆಲ್ಲುತ್ತದೆ. ಅವುಗಳ ಮೇಲೆ ದೇಹ ತಿರುಗಿಬಿದ್ದಾಗ ಮೊದಲ ಒಂದೆರಡು ದಿನ ಕೆಂಪು ಹೆಚ್ಚಬಹುದು. ಹಾಗಾಗಿ ಆ ದಿನ ಗೆರೆಗಿಂತ ಮನುಷ್ಯನನ್ನು ನೋಡಬೇಕು. ಇವರ ಜ್ವರ ಇಳಿದಿತ್ತು, ನಾಡಿ ಸರಿಯಿತ್ತು, ಊಟ ಸೇರುತ್ತಿತ್ತು. ವೈದ್ಯರು ಮಾತ್ರೆಯನ್ನೇ ಮುಂದುವರಿಸಿದರು. ಡ್ರಿಪ್ ಎಂದರೆ ಹೆಚ್ಚು ಬಲದ ಔಷಧ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಆದರೆ ನುಂಗಿದ ಸೆಫಲೆಕ್ಸಿನ್ ಬಹುಪಾಲು ಕರುಳಿನಿಂದ ರಕ್ತಕ್ಕೆ ಸೇರಿಯೇ ಸೇರುತ್ತದೆ. ವಾಂತಿಯಾಗದೆ ಹೊಟ್ಟೆಯಲ್ಲಿ ಉಳಿಯಬೇಕು, ಅಷ್ಟೆ.

ಅದೇ ಬುಧವಾರ ಜ್ವರ 102ಕ್ಕೆ ಏರಿ ಚಳಿ ನಡುಕ ಬಂದಿದ್ದರೆ, ನಾಡಿ ನೂರು ದಾಟಿ ರಕ್ತದೊತ್ತಡ ಕುಸಿದಿದ್ದರೆ, ಮಾತು ತೊದಲಿದ್ದರೆ, ನುಂಗಿದ್ದೆಲ್ಲ ವಾಂತಿಯಾಗಿದ್ದರೆ, ಆಗ ಒಂದು ಗಂಟೆಯೂ ಕಾಯುವಂತಿಲ್ಲ. ರಕ್ತನಾಳಕ್ಕೇ ಔಷಧ ಹೋಗಬೇಕು. ಎರಡು-ಮೂರು ದಿನ ಮಾತ್ರೆ ಸರಿಯಾಗಿ ನುಂಗಿಯೂ ಸುಧಾರಿಸದಿದ್ದರೆ ಮತ್ತೆ ಪರೀಕ್ಷಿಸಬೇಕು. ಒಳಗೆ ಕೀವು ಕಟ್ಟಿರಬಹುದು. ಊತ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರಿಂದಲೂ ಆಗಿರಬಹುದು. ಸಕ್ಕರೆ ಕಾಯಿಲೆ ಇದ್ದವರ ವಿಷಯದಲ್ಲಿ ವೈದ್ಯರು ಬೇಗನೆ ಆಸ್ಪತ್ರೆಯ ಕಡೆ ವಾಲುತ್ತಾರೆ.

ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ನೋವು. ಮೇಲೆ ಕಾಣುವುದು ಸ್ವಲ್ಪ ಕೆಂಪು, ರೋಗಿ ಮಾತ್ರ ತಾಳಲಾರದೆ ಕೂಗುತ್ತಿದ್ದಾರೆ. ಅಥವಾ ನೇರಳೆ ಗುಳ್ಳೆಗಳೆದ್ದು ಚರ್ಮ ಜೋಮು ಹಿಡಿದಿದೆ ಎಂದರೆ ಸೋಂಕು ಆಳಕ್ಕಿಳಿದು ಅಂಗಾಂಶ ಕೊಳೆಯುತ್ತಿರಬಹುದು. ಅಲ್ಲಿ ಡ್ರಿಪ್ ಒಂದೇ ಸಾಲದು. ಸತ್ತ ಭಾಗವನ್ನು ಕತ್ತರಿಸಿ ತೆಗೆಯಲು ತಕ್ಷಣ ಸರ್ಜನ್ ಬೇಕು.

ಡ್ರಿಪ್ ಶುರುವಾದರೂ ಕೊನೆಯವರೆಗೆ ಅದೇ ಬೇಕಿಲ್ಲ. ಜ್ವರ ಬಿಟ್ಟು ಕೆಂಪು ಇಳಿಯತೊಡಗಿದರೆ ಎರಡು ದಿನದಲ್ಲೇ ಮಾತ್ರೆಗೆ ಮರಳಬಹುದು.

ನಮ್ಮ ಆಪರೇಟರ್‌ಗೆ ಶುಕ್ರವಾರ ಊತ ಇಳಿದು ಚರ್ಮ ಸುಕ್ಕುಗಟ್ಟಿತ್ತು, ಕೆಂಪು ಕಂದಾಗಿ ಮಾಸಿತ್ತು. ಐದು ದಿನಕ್ಕೆ ಮಾತ್ರೆ ಮುಗಿಯಿತು. ಮುಲಾಮು ಮಾತ್ರ ಇನ್ನೂ ಕೆಲವು ವಾರ ಹಚ್ಚಬೇಕು. ಬೆರಳ ಸಂದಿ ಇನ್ನೂ ಪೂರ್ತಿ ಕೂಡಿಲ್ಲ.