ಎಡದಿಂದ ಬಲವನ್ನು ಕಳೆದರೆ ಗಾಯಕ ಮಾಯ

ರಾಜ್ಯೋತ್ಸವದ ವೇದಿಕೆಯಲ್ಲಿ ಹಾಡಲು ಹೆಸರು ಕೊಟ್ಟವರು ಮೊದಲು ಹುಡುಕುವುದು ಕರೋಕೆ ಟ್ರ್ಯಾಕನ್ನು. ಹೆಸರಾದ ಹಾಡಿಗೆ ಅದು ಸುಲಭವಾಗಿ ಸಿಗುತ್ತದೆ. ಸಿಗದಿದ್ದರೆ, ಮೂಲ ಹಾಡಿನಿಂದಲೇ ಗಾಯಕರ ದನಿಯನ್ನು ಅಳಿಸುವ ಹಳೆಯ ಉಪಾಯವೊಂದಿದೆ: ಫೇಸ್ ಇನ್ವರ್ಷನ್. ಅಮೆರಿಕದ ಎಲ್‌ಟಿ ಸೌಂಡ್ ಕಂಪನಿ ಈ ತತ್ವವನ್ನು ನೆಚ್ಚಿ ‘ಥಾಂಪ್ಸನ್ ವೋಕಲ್ ಎಲಿಮಿನೇಟರ್’ ಎಂಬ ಪೆಟ್ಟಿಗೆಯನ್ನು ಜಾಹೀರಾತು ಕೊಟ್ಟು ಮಾರುತ್ತಿತ್ತು. ಈಗ ಆಡಾಸಿಟಿಯಂಥ ಉಚಿತ ತಂತ್ರಾಂಶ ಇದ್ದರೆ ಎರಡು ನಿಮಿಷದ ಕೆಲಸ. ಆದರೆ ಫಲ ಮಾತ್ರ ಹಾಡಿನಿಂದ ಹಾಡಿಗೆ ಬೇರೆ. ಒಂದರಲ್ಲಿ ದನಿ ಅಚ್ಚುಕಟ್ಟಾಗಿ ಮಾಯವಾಗುತ್ತದೆ, ಇನ್ನೊಂದರಲ್ಲಿ ದನಿ ಉಳಿದು ಡ್ರಮ್ ಹೋಗುತ್ತದೆ, ಮತ್ತೊಂದರಲ್ಲಿ ಇಡೀ ಹಾಡೇ ನಿಶ್ಶಬ್ದವಾಗಿಬಿಡುತ್ತದೆ.

ಕಾರಣ ಸರಳ. ಈ ಉಪಾಯಕ್ಕೆ ಮನುಷ್ಯರ ದನಿಯ ಪರಿಚಯವೇ ಇಲ್ಲ. ಎಡ ಮತ್ತು ಬಲ ಚಾನೆಲ್‌ಗಳಲ್ಲಿ ಒಂದೇ ತೆರನಾಗಿರುವುದೆಲ್ಲವನ್ನೂ ಅದು ಅಳಿಸುತ್ತದೆ, ಅಷ್ಟೇ.

ಡಿಜಿಟಲ್ ಹಾಡು ಎಂದರೆ ಅಂಕಿಗಳ ಸಾಲು. ಸಿ.ಡಿ.ಯಲ್ಲಿ ಪ್ರತಿ ಚಾನೆಲ್‌ಗೆ ಸೆಕೆಂಡಿಗೆ 44,100 ಅಂಕಿಗಳು. ಅವುಗಳಲ್ಲಿ ಒಂದು ಕ್ಷಣವನ್ನಷ್ಟೇ ಹಿಡಿದು ನೋಡೋಣ. ಗಾಯಕಿಯ ದನಿ ಎರಡೂ ಕಡೆ 0.30 ಇದೆ. ಎಡಗಡೆ ಮಾತ್ರ ಗಿಟಾರ್, ಅದು 0.10. ಬಲಗಡೆ ಮಾತ್ರ ಪಿಟೀಲು, ಅದು 0.05. ಹಾಗಾದರೆ ಎಡ ಚಾನೆಲ್‌ನ ಅಂಕಿ 0.40, ಬಲದ್ದು 0.35. ಬಲ ಚಾನೆಲ್ಲನ್ನು ತಲೆಕೆಳಗು ಮಾಡಿದರೆ ಅದು −0.35 ಆಗುತ್ತದೆ. ಎರಡನ್ನೂ ಕೂಡಿಸಿದಾಗ ಉಳಿಯುವುದು 0.05. ಇದರಲ್ಲಿ ಗಿಟಾರ್ ಇದೆ, ತಲೆಕೆಳಗಾದ ಪಿಟೀಲೂ ಇದೆ. ಗಾಯಕಿಯ 0.30 ಮಾತ್ರ ತನ್ನನ್ನು ತಾನೇ ಹೊಡೆದುಹಾಕಿಕೊಂಡಿದೆ. ಪಿಟೀಲು ತಲೆಕೆಳಗಾದದ್ದು ಕಿವಿಗೆ ಗೊತ್ತಾಗುವುದಿಲ್ಲ, ಎಂದಿನಂತೆಯೇ ಕೇಳಿಸುತ್ತದೆ.

ಆಡಾಸಿಟಿಯಲ್ಲಿ ಇದನ್ನು ಮಾಡುವುದು ಹೀಗೆ: ಹಾಡನ್ನು ತೆರೆದು, ಟ್ರ್ಯಾಕಿನ ಮೆನುವಿನಲ್ಲಿ `Split Stereo to Mono` ಒತ್ತಿ ಎರಡು ಚಾನೆಲ್‌ಗಳನ್ನು ಬೇರ್ಪಡಿಸಬೇಕು. ಕೆಳಗಿನದನ್ನು ಮಾತ್ರ ಆಯ್ದು, ಎಫೆಕ್ಟ್‌ಗಳಲ್ಲಿರುವ `Invert` ಹಾಕಬೇಕು. ಎರಡನ್ನೂ ಒಟ್ಟಿಗೆ ನುಡಿಸಿದರೆ ವ್ಯವಕಲನ ತಾನಾಗಿಯೇ ಆಗುತ್ತದೆ.

ಇದು ಫಲಿಸುವುದು ಮಿಕ್ಸಿಂಗಿನ ಒಂದು ರೂಢಿಯಿಂದಾಗಿ. ಮುಖ್ಯ ಗಾಯಕರನ್ನು ಎಂಜಿನಿಯರ್‌ಗಳು ಸಾಮಾನ್ಯವಾಗಿ ನಟ್ಟನಡುವೆ ಕೂರಿಸುತ್ತಾರೆ. ಹಾಗೆಂದರೆ ಎರಡೂ ಸ್ಪೀಕರ್‌ಗಳಿಗೆ ಅದೇ ದನಿಯನ್ನು ಅಷ್ಟೇ ಮಟ್ಟದಲ್ಲಿ ಕಳಿಸುತ್ತಾರೆ. ಇಯರ್‌ಫೋನ್ ಹಾಕಿಕೊಂಡಾಗ ದನಿ ತಲೆಯ ಮಧ್ಯದಿಂದ ಬಂದಂತೆ ಅನ್ನಿಸುವುದು ಇದಕ್ಕೇ. ತೊಂದರೆಯೆಂದರೆ, ಆ ನಡುವಿನ ಜಾಗದಲ್ಲಿ ಗಾಯಕರೊಬ್ಬರೇ ಇರುವುದಿಲ್ಲ. ಬೇಸ್ ಗಿಟಾರ್, ಕಿಕ್ ಡ್ರಮ್, ಸ್ನೇರ್ ಡ್ರಮ್ ಕೂಡ ಅಲ್ಲೇ. ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ಇದಕ್ಕೊಂದು ಭೌತಿಕ ಕಾರಣವೂ ಇತ್ತು. ಸ್ಟೀರಿಯೊ ತಟ್ಟೆಯಲ್ಲಿ ಎರಡೂ ಚಾನೆಲ್‌ಗಳಿಗೆ ಸಮಾನವಾದ ಸದ್ದು ಮುಳ್ಳನ್ನು ಅಕ್ಕಪಕ್ಕ ಓಡಿಸಿದರೆ, ವ್ಯತ್ಯಾಸ ಮೇಲೆ ಕೆಳಗೆ ಕುಣಿಸುತ್ತದೆ. ಜೋರಾದ ಬೇಸನ್ನು ಒಂದೇ ಬದಿಗೆ ಹಾಕಿದರೆ ಮುಳ್ಳು ಗೆರೆಯಿಂದ ಹಾರುವ ಭಯ. ಹಾಗಾಗಿ ಬೇಸ್ ನಡುವೆಯೇ ಉಳಿಯಿತು.

ದನಿ ತೆಗೆದ ಟ್ರ್ಯಾಕ್ ಎಷ್ಟೋ ಸಲ ಬಡಕಲಾಗಿ, ತಳವಿಲ್ಲದಂತೆ ಕೇಳುವುದು ಇದೇ ಕಾರಣಕ್ಕೆ. ಪರಿಹಾರವಾಗಿ, ಮೂಲ ಹಾಡಿನ 120 ಹರ್ಟ್ಸ್‌ಗಿಂತ ಕೆಳಗಿನ ಭಾಗವನ್ನು ಮಾತ್ರ ಸೋಸಿ ಮತ್ತೆ ಸೇರಿಸುವುದುಂಟು. ಗಾಯಕಿಯ ಹಾಡಿಗೆ ಇದು ಚೆನ್ನಾಗಿ ಹೊಂದುತ್ತದೆ. ತಗ್ಗು ದನಿಯ ಗಂಡಸರ ಹಾಡಾದರೆ ಅವರ ಮೂಲಸ್ವರವೇ ಆ ಗಡಿಗಿಂತ ಕೆಳಗಿಳಿಯಬಹುದು. ಆಗ ಬೇಸ್‌ನೊಂದಿಗೆ ಒಂದು ಗುಂಯ್‌ಗುಡುವ ದನಿಯೂ ಹಿಂತಿರುಗುತ್ತದೆ.

ದನಿ ಸರಿಯಾಗಿ ನಡುವೆಯೇ ಇದ್ದ ಹಾಡಿನಲ್ಲೂ ಗಾಯಕರ ನೆರಳು ಉಳಿಯುವುದುಂಟು. ಅದು ರಿವರ್ಬ್‌ನ ಕೆಲಸ. ದನಿಗೆ ಸಭಾಂಗಣದ ಅನುಭವ ಕೊಡಲು ಸೇರಿಸುವ ಈ ಮರುದನಿ ಎಡ ಬಲಗಳಲ್ಲಿ ಬೇರೆ ಬೇರೆಯಾಗಿರುವಂತೆ ನೋಡಿಕೊಳ್ಳಲಾಗುತ್ತದೆ. ಬೇರೆಯಾದದ್ದನ್ನು ವ್ಯವಕಲನ ಮುಟ್ಟುವುದಿಲ್ಲ. ಸಾಲು ಮುಗಿದ ಮೇಲೆ ಎಲ್ಲೋ ದೂರದ ಕೋಣೆಯಲ್ಲಿ ಹಾಡಿದಂತೆ ಕೇಳಿಸುವ ಉಲಿ ಅದೇ. ಒಂದೇ ಸಾಲನ್ನು ಎರಡು ಸಲ ಹಾಡಿಸಿ ಎಡಕ್ಕೊಂದು, ಬಲಕ್ಕೊಂದು ಇಟ್ಟಿದ್ದರಂತೂ ಯಾವ ದನಿಯೂ ಅಳಿಯುವುದಿಲ್ಲ. ಒಬ್ಬರೇ ಹಾಡಿದರೂ ಎರಡು ಸಲ ಅಂಕಿ ಅಂಕಿಗೂ ಒಂದೇ ಥರ ಬರುವುದು ಸಾಧ್ಯವಿಲ್ಲವಲ್ಲ.

ದನಿ ನಡುವೆ ಇಲ್ಲದ ಮಿಕ್ಸಿಗೆ ಒಳ್ಳೆಯ ಉದಾಹರಣೆ ಬೀಟಲ್ಸ್. 1963ರ ಅವರ ಮೊದಲ ಆಲ್ಬಂ ‘ಪ್ಲೀಸ್ ಪ್ಲೀಸ್ ಮಿ’ ಲಂಡನ್ನಿನ ಆ್ಯಬಿ ರೋಡ್‌ನ ಇಎಂಐ ಸ್ಟುಡಿಯೊದಲ್ಲಿ ಎರಡೇ ಟ್ರ್ಯಾಕಿನ ಟೇಪಿನ ಮೇಲೆ ಧ್ವನಿಮುದ್ರಣಗೊಂಡಿತು. ಒಂದು ಟ್ರ್ಯಾಕಿನಲ್ಲಿ ವಾದ್ಯ, ಇನ್ನೊಂದರಲ್ಲಿ ಹಾಡುಗಾರಿಕೆ. ನಿರ್ಮಾಪಕ ಜಾರ್ಜ್ ಮಾರ್ಟಿನ್‌ಗೆ ಬೇಕಿದ್ದದ್ದು ಮೋನೋದಲ್ಲಿ ಎರಡರ ಮಟ್ಟವನ್ನು ಹೊಂದಿಸುವ ಅನುಕೂಲ. ಸ್ಟೀರಿಯೊ ಆವೃತ್ತಿಯಲ್ಲಿ ಮಾತ್ರ ವಾದ್ಯಗಳು ಒಂದು ಬದಿಗೆ, ದನಿಗಳು ಇನ್ನೊಂದು ಬದಿಗೆ ಹೋಗಿ ಕೂತವು. ಇಲ್ಲಿ ಫೇಸ್ ಇನ್ವರ್ಷನ್ ಮಾಡಿದರೆ ದನಿ ತಲೆಕೆಳಗಾಗಿ ವಾದ್ಯಗಳೊಂದಿಗೆ ಸೇರಿಕೊಳ್ಳುತ್ತದೆಯೇ ಹೊರತು ಹೋಗುವುದಿಲ್ಲ. ದನಿಯಿರುವ ಚಾನೆಲ್ಲನ್ನು ಬಂದ್ ಮಾಡಿದರೆ ಮುಗಿಯಿತು, ವಾದ್ಯಗಳೇ ಹೆಚ್ಚಾಗಿ ಉಳಿಯುತ್ತವೆ.

ಅರವತ್ತರ ದಶಕದ ಕನ್ನಡ ಚಿತ್ರಗೀತೆಗಳ ಕತೆ ಇನ್ನೊಂದು ತುದಿಯದು. ಅವು ಮೋನೋ ಧ್ವನಿಮುದ್ರಣಗಳು. ಈಗ ಎರಡು ಚಾನೆಲ್‌ಗಳ ಫೈಲಾಗಿ ಸಿಕ್ಕರೂ ಎರಡರಲ್ಲೂ ಇರುವುದು ಅದೇ ಸದ್ದು. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಸೊನ್ನೆ. `Invert` ಹಾಕಿದ ತಕ್ಷಣ ಎಲ್ಲವೂ ಸ್ತಬ್ಧವಾದರೆ ತಂತ್ರಾಂಶ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ, ಹಾಡು ಮೋನೋ ಎಂದು ತಿಳಿದರಾಯಿತು.

ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿದ ಹಾಡುಗಳ ಕಾಟ ಬೇರೆ. ಟೇಪ್ ರೆಕಾರ್ಡರಿನ ಹೆಡ್ ಕೂದಲೆಳೆಯಷ್ಟು ಓರೆಯಾಗಿದ್ದರೂ ಒಂದು ಚಾನೆಲ್ ಇನ್ನೊಂದಕ್ಕಿಂತ ತುಸು ಮುಂದೋಡುತ್ತದೆ. ಕೇಳುವಾಗ ಅದು ಗೊತ್ತೇ ಆಗುವುದಿಲ್ಲ. ಕಳೆಯುವಾಗ ಆಗುತ್ತದೆ. ಕೇವಲ ಒಂದು ಅಂಕಿಯಷ್ಟು, ಅಂದರೆ ಸೆಕೆಂಡಿನ 44,100ನೇ ಒಂದು ಪಾಲು ಜಾರಿದರೆ, 1,000 ಹರ್ಟ್ಸ್‌ನಲ್ಲಿ ದನಿ ಸುಮಾರು 17 ಡೆಸಿಬೆಲ್ ಮಾತ್ರ ತಗ್ಗುತ್ತದೆ. 8,000 ಹರ್ಟ್ಸ್ ಹೊತ್ತಿಗೆ ತಗ್ಗುವುದೇ ಇಲ್ಲ. ಪರಿಣಾಮ, ಸ್ವರಗಳು ಮಾಯವಾಗಿ ‘ಸ’ಕಾರ ‘ಶ’ಕಾರಗಳು ಮಾತ್ರ ಬುಸುಗುಡುತ್ತ ಉಳಿಯುತ್ತವೆ. ಹೀಗೆ ಕೇಳಿಸಿದರೆ ಒಂದು ಟ್ರ್ಯಾಕನ್ನು ಅಂಕಿ ಅಂಕಿಯಾಗಿ ಸರಿಸಿ ನೋಡಬಹುದು. ಆದರೆ ಕ್ಯಾಸೆಟ್ಟಿನ ಓಟವೇ ಅಲುಗಾಡುವುದರಿಂದ ಪಲ್ಲವಿಗೆ ಹೊಂದಿದ್ದು ಚರಣಕ್ಕೆ ಹೊಂದದೆ ಹೋಗಬಹುದು.

ಎಲ್ಲ ಕೂಡಿಬಂದು ಟ್ರ್ಯಾಕ್ ಸಿದ್ಧವಾಯಿತು ಎನ್ನೋಣ. ವ್ಯವಕಲನದ ಫಲ ಯಾವಾಗಲೂ ಮೋನೋ. ಇದನ್ನು ಅಗಲವಾಗಿ ಕೇಳಿಸಲೆಂದು ಕೆಲವರು ಎಡಕ್ಕೆ ಒಂದು ಪ್ರತಿ, ಬಲಕ್ಕೆ ಅದರ ತಲೆಕೆಳಗಾದ ಪ್ರತಿ ಹಾಕುತ್ತಾರೆ. ಇಯರ್‌ಫೋನಿನಲ್ಲಿ ಅದು ಸೊಗಸಾಗಿಯೇ ಕೇಳುತ್ತದೆ. ಆದರೆ ಸಮಾರಂಭಗಳ ಎಷ್ಟೋ ಸೌಂಡ್ ಸಿಸ್ಟಮ್‌ಗಳು ಎರಡೂ ಚಾನೆಲ್‌ಗಳನ್ನು ಕೂಡಿಸಿ ಒಂದೇ ಮಾಡುತ್ತವೆ. ಆಗ ಪ್ರತಿ ಮತ್ತು ತಲೆಕೆಳಗಾದ ಪ್ರತಿ ಸೇರಿ ವಾದ್ಯಗಳೂ ಅಳಿಸಿಹೋಗುತ್ತವೆ. ವೇದಿಕೆಗೆ ಒಯ್ಯುವ ಫೈಲನ್ನು ಮೋನೋದಲ್ಲಿಯೇ ಉಳಿಸಿಕೊಂಡರೆ ಈ ಫಜೀತಿ ಇರುವುದಿಲ್ಲ.